ಎರಡೇ ರಿವ್ಯೂ ಇರುವ ಐದು ಸ್ಟಾರ್ ಪಟ್ಟಿಯ ತುದಿಗೇರದಂತೆ ಮಾಡುವುದು ಹೇಗೆ?

ಸರಾಸರಿ ಸ್ಟಾರ್ ನೋಡಿ ಸಾಮಾನುಗಳನ್ನು ಜೋಡಿಸಿ, ಪಟ್ಟಿಯ ಮೊದಲ ಸಾಲು ನೋಡಿ. ಅಲ್ಲಿ ಕೂತಿರುವುದು ನಿಮ್ಮ ಅಂಗಡಿಯ ಒಳ್ಳೆಯ ಸಾಮಾನಲ್ಲ. ಹೋದ ವಾರ ಬಂದು, ಪರಿಚಯದ ಇಬ್ಬರು ಕೊಂಡು, ಇಬ್ಬರೂ ಐದೈದು ಸ್ಟಾರ್ ಕೊಟ್ಟ ಸಾಮಾನು. 200 ಜನ ಮೆಚ್ಚಿದ್ದು ಅದರ ಕೆಳಗೆಲ್ಲೋ ಇದೆ.

ಇದಕ್ಕೆ ಮದ್ದು ಹದಗೊಳಿಸಿದ ಸರಾಸರಿ. ಡ್ಯಾಂಪ್ಡ್ ಆವರೇಜ್ ಅಂತಲೂ, ಬೇಸಿಯನ್ ಆವರೇಜ್ ಅಂತಲೂ ಹೇಳುತ್ತಾರೆ. ಫಾರ್ಮುಲಾ ಒಂದೇ ಸಾಲಿನದು, ಎಲ್ಲಿ ಬೇಕಾದರೂ ಸಿಗುತ್ತದೆ. ಆದರೂ ‘ಹಾಕಿದೆ, ಸರಿಯಾಗಲಿಲ್ಲ’ ಎನ್ನುವವರು ಬಹಳ. ಅವರ ಶೀಟ್ ತೆಗೆದು ನೋಡಿದರೆ ಫಾರ್ಮುಲಾ ಹೆಚ್ಚಾಗಿ ಸರಿಯೇ ಇರುತ್ತದೆ. ಎಡವಿರುವುದು ಅದಕ್ಕೆ ಕೊಡುವ ಎರಡು ಸಂಖ್ಯೆಗಳಲ್ಲಿ, ಅದಕ್ಕೂ ಮೊದಲು ರಿವ್ಯೂ ಲೆಕ್ಕದಲ್ಲಿ. ಅದಕ್ಕೇ ಇಲ್ಲಿ ಫಾರ್ಮುಲಾ ಐದನೆಯ ಹಂತದಲ್ಲಿ ಬರುತ್ತದೆ. ದಯವಿಟ್ಟು ಅಲ್ಲಿಗೇ ಜಿಗಿಯಬೇಡಿ.

ಬೇಕಾದ ಸಲಕರಣೆ ಗೂಗಲ್ ಶೀಟ್ಸ್ ಮಾತ್ರ. ವೆಬ್‌ಸೈಟಿನ ಡೇಟಾಬೇಸ್‌ನಲ್ಲೇ ಮಾಡಬೇಕಾದವರಿಗೆ ಎಂಟನೆಯ ಹಂತದಲ್ಲಿ SQL ಇದೆ.

## ಹಂತ 1: ರಿವ್ಯೂಗಳನ್ನು ಹಸನು ಮಾಡಿ

ಒಂದು ಶೀಟಿಗೆ `reviews` ಅಂತ ಹೆಸರಿಡಿ. A ಕಾಲಮ್‌ನಲ್ಲಿ ಸಾಮಾನಿನ ಹೆಸರು, B ಕಾಲಮ್‌ನಲ್ಲಿ ಸ್ಟಾರ್. ಒಂದು ರಿವ್ಯೂಗೆ ಒಂದು ಸಾಲು. ಮುಂದೆ ಹೋಗುವ ಮೊದಲು ಮೂರು ಕಡೆ ಕಣ್ಣು ಹಾಯಿಸಿ.

ಮೊದಲನೆಯದು ಸೊನ್ನೆ. ಗಿರಾಕಿ ಮಾತು ಬರೆದು ಸ್ಟಾರ್ ಒತ್ತದೆ ಹೋದರೆ ಕೆಲವು ಅಂಗಡಿ ಸಾಫ್ಟ್‌ವೇರ್‌ಗಳು 0 ಅಂತ ಬರೆದಿಡುತ್ತವೆ. ಅದು ಕೆಟ್ಟ ರೇಟಿಂಗ್ ಅಲ್ಲ, ರೇಟಿಂಗೇ ಇಲ್ಲ ಅಂತ ಅರ್ಥ. ಅಂಥ ಸಾಲುಗಳನ್ನು ಲೆಕ್ಕದಿಂದ ತೆಗೆಯಿರಿ.

ಎರಡನೆಯದು, ಒಂದೇ ಸಾಮಾನು ಎರಡು ಹೆಸರಲ್ಲಿ ಇರುವುದು. 250 ಗ್ರಾಂ ಬಾಟಲಿ, 500 ಗ್ರಾಂ ಬಾಟಲಿ ಬೇರೆ ಬೇರೆ ಸಾಲಾಗಿದ್ದರೆ ಒಳಗಿರುವ ಉಪ್ಪಿನಕಾಯಿಯೇನೂ ಬೇರೆಯಲ್ಲವಲ್ಲ. ಒಂದಕ್ಕೆ 80 ರಿವ್ಯೂ, ಇನ್ನೊಂದಕ್ಕೆ 3 ಇದ್ದರೆ, ಆ ಮೂರರ ಸಾಲು ಸುಮ್ನೆ ‘ಕಡಿಮೆ ರಿವ್ಯೂ’ ಸಾಮಾನಾಗಿ ಬಿಡುತ್ತದೆ. ಹೆಸರು ಒಂದೇ ಮಾಡಿ ಸೇರಿಸಿ.

ಮೂರನೆಯದೇ ಹೆಚ್ಚು ಜನರನ್ನು ಕೆಡವುವುದು. ಬೇರೆ ಕಡೆಯಿಂದ ತಂದು ಅಂಟಿಸಿದ ಸ್ಟಾರ್‌ಗಳಲ್ಲಿ ಕೆಲವು ಸಂಖ್ಯೆಯಾಗಿರದೆ ಅಕ್ಷರವಾಗಿ ಕೂತಿರುತ್ತವೆ. ನೋಡುವುದಕ್ಕೆ 5 ಅಂತಲೇ ಇರುತ್ತದೆ, ಕೂಡಿಸುವಾಗ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಗುರುತು ಸುಲಭ: ಸಂಖ್ಯೆ ಸೆಲ್‌ನ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ. ಎಡಕ್ಕೆ ವಾಲಿದ್ದು ಕಂಡರೆ ಇಡೀ ಕಾಲಮ್ ಆರಿಸಿ, Format ಮೆನುವಿನಲ್ಲಿ Number ಮಾಡಿ. ಆಮೇಲೂ ಎಡಕ್ಕೇ ಇದ್ದರೆ ಒಳಗೆ ಸ್ಪೇಸೋ ‘ಸ್ಟಾರ್’ ಅನ್ನೋ ಪದವೋ ಇದೆ. ಅದನ್ನು ಅಳಿಸಿ.

## ಹಂತ 2: ಸರಾಸರಿ ಬಿಡಿ, ಮೊತ್ತ ಹಿಡಿಯಿರಿ

ಇನ್ನೊಂದು ಶೀಟಿನಲ್ಲಿ ಸಾಮಾನಿಗೆ ಒಂದು ಸಾಲು ಮಾಡಿ. A ಹೆಸರು, B ರಿವ್ಯೂ ಎಷ್ಟು, C ಸ್ಟಾರ್‌ಗಳ ಒಟ್ಟು ಮೊತ್ತ, D ಸಾದಾ ಸರಾಸರಿ. ಎರಡನೆಯ ಸಾಲಿನಲ್ಲಿ ಇವು:

```
B2:  =COUNTIFS(reviews!A:A,A2,reviews!B:B,">=1")
C2:  =SUMIF(reviews!A:A,A2,reviews!B:B)
D2:  =IF(B2=0,"",C2/B2)
```

ಮೊತ್ತ ಯಾಕೆ ಬೇಕು, ಸರಾಸರಿಯೇ ಇದೆಯಲ್ಲ ಅಂತ ಕೇಳುತ್ತಾರೆ. ಪರದೆಯ ಮೇಲೆ ಕಾಣುವ 4.7 ನಿಜಕ್ಕೂ 4.65 ಆಗಿರಬಹುದು, 4.74 ಕೂಡ ಆಗಿರಬಹುದು. 60 ರಿವ್ಯೂ ಇರುವ ಕಡೆ ಆ 4.7 ಅನ್ನು 60ರಿಂದ ಗುಣಿಸಿ ಮೊತ್ತ ತೆಗೆದರೆ ಮೂರು ಸ್ಟಾರ್‌ವರೆಗೆ ತಪ್ಪಬಹುದು. ಪಟ್ಟಿಯಲ್ಲಿ ಅಕ್ಕಪಕ್ಕದ ಸಾಮಾನುಗಳ ಅಂತರ ಎರಡನೆಯ ದಶಾಂಶದಲ್ಲಿರುವಾಗ ಆ ತಪ್ಪು ಸಾಲುಗಳನ್ನೇ ಅದಲುಬದಲು ಮಾಡುತ್ತದೆ. ಮೂಲ ರಿವ್ಯೂಗಳು ಸಿಗದೇ ಇದ್ದಾಗ ಮಾತ್ರ ಗುಣಿಸಿ.

ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಉಪ್ಪಿನಕಾಯಿ, ಚಟ್ನಿಪುಡಿ ಮಾರುವ ಒಂದು ಸಣ್ಣ ಆನ್‌ಲೈನ್ ಅಂಗಡಿ ಅಂದುಕೊಳ್ಳಿ. ಎಂಟು ಸಾಮಾನು, ಸಾದಾ ಸರಾಸರಿಯಂತೆ ಜೋಡಿಸಿದ್ದು:

| ಸಾಮಾನು | ರಿವ್ಯೂ | ಮೊತ್ತ | ಸರಾಸರಿ |
|---|---|---|---|
| ಗುರೆಳ್ಳು ಚಟ್ನಿಪುಡಿ | 2 | 10 | 5.0 |
| ಅಗಸೆ ಚಟ್ನಿಪುಡಿ | 10 | 48 | 4.8 |
| ಶೇಂಗಾ ಚಟ್ನಿಪುಡಿ | 60 | 282 | 4.7 |
| ಮಾವಿನ ಮಿಡಿ ಉಪ್ಪಿನಕಾಯಿ | 210 | 966 | 4.6 |
| ನಿಂಬೆ ಉಪ್ಪಿನಕಾಯಿ | 140 | 602 | 4.3 |
| ಪುಳಿಯೋಗರೆ ಗೊಜ್ಜು | 90 | 369 | 4.1 |
| ಬಿಸಿಬೇಳೆಬಾತ್ ಪುಡಿ | 50 | 195 | 3.9 |
| ಹಾಗಲಕಾಯಿ ಉಪ್ಪಿನಕಾಯಿ | 1 | 1 | 1.0 |

ಇಲ್ಲಿ ನಿಂತು ಒಂದು ತಾಳೆ ನೋಡಿ. B ಕಾಲಮ್‌ನ ಮೊತ್ತ 563. `reviews` ಶೀಟಿನಲ್ಲೂ ಸ್ಟಾರ್ ಇರುವ ಸಾಲು 563 ಇರಬೇಕು. ಕಡಿಮೆ ಬಂದರೆ ಎಲ್ಲೋ ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿದೆ, ಇಲ್ಲವೇ ಅಕ್ಷರವಾದ ಸ್ಟಾರ್ ಇನ್ನೂ ಇದೆ. ಯಾವುದಾದರೂ ಸರಾಸರಿ 1ಕ್ಕಿಂತ ಕೆಳಗೆ ಅಥವಾ 5ಕ್ಕಿಂತ ಮೇಲೆ ಬಂದರೂ ಮೊದಲ ಹಂತಕ್ಕೇ ವಾಪಸ್.

## ಹಂತ 3: ನಡುಮಟ್ಟ ಕಂಡುಹಿಡಿಯಿರಿ

ಹದಗೊಳಿಸುವುದು ಅಂದರೆ ಇಷ್ಟೇ. ಪ್ರತಿ ಸಾಮಾನಿಗೂ ಅಂಗಡಿಗೆ ಬಂದ ದಿನವೇ ಕೆಲವು ಊಹೆಯ ರಿವ್ಯೂಗಳನ್ನು ಕೊಟ್ಟುಬಿಡುತ್ತೇವೆ. ನಿಜವಾದ ರಿವ್ಯೂಗಳು ಅದರ ಜತೆ ಸೇರುತ್ತಾ ಹೋಗುತ್ತವೆ. ಊಹೆಯ ರಿವ್ಯೂ ಒಂದೊಂದಕ್ಕೂ ಎಷ್ಟು ಸ್ಟಾರ್ ಅನ್ನೋದು ನಡುಮಟ್ಟ. ಅಂಥವು ಎಷ್ಟು ಅನ್ನೋದು ತೂಕ. ನಮಗೆ ಬೇಕಾದ ಎರಡು ಸಂಖ್ಯೆ ಇವೇ.

ನಡುಮಟ್ಟ ಅಂದರೆ ‘ಈ ಅಂಗಡಿಯ ಒಂದು ಸಾಮಾನ್ಯ ಸಾಮಾನಿಗೆ ಎಷ್ಟು ಸ್ಟಾರ್ ಬೀಳುತ್ತದೆ’ ಎಂಬ ಪ್ರಶ್ನೆಗೆ ಉತ್ತರ. ಇಲ್ಲಿ ಬಹಳ ಜನ ಕಣ್ಣು ಮುಚ್ಚಿ 3 ಅಂತ ಹಾಕುತ್ತಾರೆ. 1ರಿಂದ 5ರ ನಡುವೆ 3 ತಾನೇ, ಅಂತ. ಆದರೆ ಕೊಂಡವರು 3 ಕೊಡುವುದೇ ಅಪರೂಪ. ಹಿಡಿಸಿದವರು 5, ಹಿಡಿಸದವರು 1, ಹೀಗೆ ಎರಡು ತುದಿಗೂ ವಾಲುತ್ತಾರೆ, ಅದರಲ್ಲೂ ಹೆಚ್ಚಿನವರು 5ರ ಕಡೆ. ನಡುಮಟ್ಟ 3 ಮಾಡಿದರೆ ಒಳ್ಳೆಯ ಹೊಸ ಸಾಮಾನೆಲ್ಲ ಪಾತಾಳಕ್ಕೆ ಇಳಿಯುತ್ತದೆ.

ಹಾಗಾದರೆ ಡೇಟಾದಿಂದಲೇ ತೆಗೆಯೋಣ. ಎಂಟು ಸಾಮಾನುಗಳ ಸರಾಸರಿಗಳ ಸರಾಸರಿ ತೆಗೆದರೆ 4.05 ಬರುತ್ತದೆ. ಇದು ಮೋಸದ ಸಂಖ್ಯೆ. ಹಾಗಲಕಾಯಿಗೆ ಯಾರೋ ಒಬ್ಬರು ಕೊಟ್ಟ ಒಂದು ಸ್ಟಾರ್, ಮಾವಿನ ಮಿಡಿಯ 210 ರಿವ್ಯೂಗಳಷ್ಟೇ ಬಲದಿಂದ ಇಡೀ ಅಂಗಡಿಯನ್ನು ಕೆಳಗೆ ಎಳೆದಿದೆ. ನಾವು ಯಾವ ರೋಗಕ್ಕೆ ಮದ್ದು ಮಾಡುತ್ತಿದ್ದೇವೋ ಅದೇ ರೋಗ ಮದ್ದಿನೊಳಗೇ ಸೇರಿಕೊಂಡಂತಾಯಿತು.

ಇನ್ನೊಂದು ದಾರಿ, ಎಲ್ಲಾ ರಿವ್ಯೂಗಳನ್ನೂ ಒಂದೇ ರಾಶಿ ಹಾಕಿ ಸರಾಸರಿ ತೆಗೆಯುವುದು. 2473 ಸ್ಟಾರ್, 563 ರಿವ್ಯೂ, ಅಂದರೆ 4.39. ಇದು ಪರವಾಗಿಲ್ಲ. ಆದರೆ ಅಂಗಡಿಯಲ್ಲಿ ಒಂದೇ ಸಾಮಾನಿಗೆ ಸಾವಿರಾರು ರಿವ್ಯೂ ಇದ್ದರೆ ಆ ಒಂದು ಸಾಮಾನೇ ನಡುಮಟ್ಟವಾಗಿಬಿಡುತ್ತದೆ.

ನಾನು ಬಳಸುವುದು ಮೂರನೆಯ ದಾರಿ. ಕನಿಷ್ಠ 10 ರಿವ್ಯೂ ಇರುವ ಸಾಮಾನುಗಳ ಸರಾಸರಿಗಳನ್ನು ಮಾತ್ರ ತೆಗೆದುಕೊಂಡು, ಅವುಗಳ ಸರಾಸರಿ. H1 ಸೆಲ್‌ನಲ್ಲಿ ಇದನ್ನು ಹಾಕಿ:

```
=AVERAGEIF(B2:B9,">=10",D2:D9)
```

ನಮ್ಮ ಉದಾಹರಣೆಯಲ್ಲಿ ಆರು ಸಾಮಾನು ಉಳಿಯುತ್ತವೆ, ಉತ್ತರ 4.4. ಎರಡನೆಯ ದಾರಿಯ 4.39ಕ್ಕೆ ಹತ್ತಿರವೇ ಇದೆ, ಹಾಗಾಗಿ ನೆಮ್ಮದಿ. ನಿಮ್ಮ ಅಂಗಡಿಯಲ್ಲಿ ಇವೆರಡರ ನಡುವೆ ದೊಡ್ಡ ಅಂತರ ಬಂದರೆ ಯಾವುದೋ ಒಂದು ಸಾಮಾನು ರಾಶಿಯನ್ನು ನುಂಗಿದೆ ಅಂತ ಅರ್ಥ.

ಅಂಗಡಿಯಲ್ಲಿ ಉಪ್ಪಿನಕಾಯಿಯೂ ಇದೆ, ಮಿಕ್ಸಿಯೂ ಇದೆ ಅಂದರೆ ಎರಡಕ್ಕೂ ಒಂದೇ ನಡುಮಟ್ಟ ಹಾಕಬೇಡಿ. ಜನ ಅವಕ್ಕೆ ಸ್ಟಾರ್ ಕೊಡುವ ರೀತಿಯೇ ಬೇರೆ. ವಿಭಾಗಕ್ಕೊಂದು ನಡುಮಟ್ಟ ತೆಗೆಯಿರಿ.

## ಹಂತ 4: ತೂಕ ನಿರ್ಧರಿಸಿ

ಇದು ಇಡೀ ಕೆಲಸದ ಕಷ್ಟದ ಭಾಗ, ಅದಕ್ಕೇ ಹೆಚ್ಚಿನವರು ಇದನ್ನು ಅಂದಾಜಿನಲ್ಲಿ ಮುಗಿಸುತ್ತಾರೆ. 100 ಅಂತ ಹಾಕಿದವರನ್ನೂ ನೋಡಿದ್ದೇನೆ, 1 ಅಂತ ಹಾಕಿದವರನ್ನೂ ನೋಡಿದ್ದೇನೆ.

ತೂಕದ ಅರ್ಥ ತಿಳಿದುಕೊಂಡರೆ ಅಂದಾಜು ಕೂಡ ಚೆನ್ನಾಗಿ ಬರುತ್ತದೆ. ತೂಕ 10 ಅಂದರೆ, 10 ನಿಜ ರಿವ್ಯೂ ಬಂದ ಸಾಮಾನಿನ ಮಾತಿಗೆ ಅರ್ಧ ಬೆಲೆ, ಅಂಗಡಿಯ ನಡುಮಟ್ಟಕ್ಕೆ ಅರ್ಧ ಬೆಲೆ. ಎರಡೇ ರಿವ್ಯೂ ಇದ್ದರೆ ಅದರ ಮಾತಿಗೆ ಆರರಲ್ಲಿ ಒಂದು ಪಾಲು. 90 ರಿವ್ಯೂ ಇದ್ದರೆ ಹತ್ತರಲ್ಲಿ ಒಂಬತ್ತು ಪಾಲು.

ಸರಿಯಾದ ತೂಕ ಎರಡು ವಿಷಯಗಳ ಮೇಲೆ ನಿಂತಿದೆ. ಒಂದೇ ಸಾಮಾನಿಗೆ ಬೇರೆ ಬೇರೆ ಜನ ಕೊಡುವ ಸ್ಟಾರ್‌ಗಳಲ್ಲಿ ಎಷ್ಟು ಏರುಪೇರಿದೆ ಅನ್ನೋದು ಒಂದು. ಏರುಪೇರು ಜಾಸ್ತಿ ಇದ್ದರೆ ನಾಲ್ಕೈದು ರಿವ್ಯೂಗಳನ್ನು ನಂಬುವ ಹಾಗಿಲ್ಲ, ತೂಕ ಹೆಚ್ಚು ಬೇಕು. ಸಾಮಾನಿನಿಂದ ಸಾಮಾನಿಗೆ ಗುಣದಲ್ಲಿ ಎಷ್ಟು ವ್ಯತ್ಯಾಸವಿದೆ ಅನ್ನೋದು ಇನ್ನೊಂದು. ಕೆಲವು ಅದ್ಭುತ, ಕೆಲವು ತೀರಾ ಸಾಧಾರಣ ಅಂತ ಇದ್ದರೆ ಸಾಮಾನಿನ ಸ್ವಂತ ರಿವ್ಯೂಗೆ ಬೇಗ ಕಿವಿಗೊಡಬೇಕು, ತೂಕ ಕಡಿಮೆ ಸಾಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ತೂಕ ಸಿಗುತ್ತದೆ.

ಏರುಪೇರು ಅಳೆಯಲು ಶೀಟಿನಲ್ಲಿ `VAR` ಇದೆ. F ಕಾಲಮ್‌ನಲ್ಲಿ ಪ್ರತಿ ಸಾಮಾನಿನ ಒಳಗಿನ ಏರುಪೇರು ತೆಗೆಯಿರಿ. ಒಂದೇ ರಿವ್ಯೂ ಇರುವ ಸಾಲಿನಲ್ಲಿ `VAR` ದೋಷ ತೋರಿಸುತ್ತದೆ, ಅದಕ್ಕೇ ಮೊದಲೇ ಷರತ್ತು ಹಾಕಿದ್ದೇನೆ:

```
F2:  =IF(B2<10,"",VAR(FILTER(reviews!B:B,reviews!A:A=A2,reviews!B:B>=1)))
H3:  =AVERAGE(F2:F9)
H4:  =VAR(FILTER(D2:D9,B2:B9>=10))
```

ನಿಂಬೆ ಉಪ್ಪಿನಕಾಯಿಯ 140 ರಿವ್ಯೂ ಬಿಡಿಸಿ ನೋಡೋಣ. 5 ಸ್ಟಾರ್ 90 ಜನ, 4 ಸ್ಟಾರ್ 24, 3 ಸ್ಟಾರ್ 12, 2 ಸ್ಟಾರ್ 6, 1 ಸ್ಟಾರ್ 8. ಇದರ ಏರುಪೇರು 1.33. ಬೇರೆಯವು ಸ್ವಲ್ಪ ಹೆಚ್ಚುಕಡಿಮೆ ಇದ್ದು, ಆರರ ಸರಾಸರಿ H3ರಲ್ಲಿ 1.2 ಬಂತು ಅಂದುಕೊಳ್ಳಿ. ಸಾಮಾನುಗಳ ನಡುವಿನ ಏರುಪೇರು H4ರಲ್ಲಿ 0.128. ಭಾಗಿಸಿದರೆ 9.4. ದುಂಡಗೆ 10.

ಲೆಕ್ಕದಲ್ಲಿ ಪಕ್ಕಾ ಇರುವವರು ಇಲ್ಲಿ ತಕರಾರು ತೆಗೆಯಬಹುದು. H4ರಲ್ಲಿ ಕಾಣುವ ವ್ಯತ್ಯಾಸವೆಲ್ಲ ನಿಜವಾದ ಗುಣದ್ದಲ್ಲ, ರಿವ್ಯೂ ಕಡಿಮೆ ಇರುವುದರಿಂದ ಬಂದ ಅದೃಷ್ಟದ ಪಾಲೂ ಅದರಲ್ಲಿದೆ. ಅದನ್ನು ಕಳೆದರೆ ತೂಕ 12ರ ಆಚೀಚೆ ಹೋಗುತ್ತದೆ. ನಿಜ. ಆದರೆ ಪಟ್ಟಿಯ ಮಟ್ಟಿಗೆ 10ಕ್ಕೂ 12ಕ್ಕೂ ಅಂಥ ವ್ಯತ್ಯಾಸವಿಲ್ಲ. 10ರ ಬದಲು 100 ಹಾಕಿದರೆ ಮಾತ್ರ ಎಲ್ಲಾ ಕೆಡುತ್ತದೆ. H2 ಸೆಲ್‌ನಲ್ಲಿ 10 ಅಂತ ಕೈಯಾರೆ ಬರೆಯಿರಿ.

ಅಂಗಡಿ ಹೊಸದು, 10 ರಿವ್ಯೂ ದಾಟಿದ ಸಾಮಾನು ಆರೇಳೂ ಇಲ್ಲ ಅಂದರೆ ಈ ಲೆಕ್ಕ ನಿಲ್ಲುವುದಿಲ್ಲ. ಆಗ 10 ಇಟ್ಟುಕೊಂಡು ಶುರು ಮಾಡಿ.

## ಹಂತ 5: ಈಗ ಫಾರ್ಮುಲಾ

ತೂಕವನ್ನು ನಡುಮಟ್ಟದಿಂದ ಗುಣಿಸಿ, ಸಾಮಾನಿನ ಸ್ಟಾರ್ ಮೊತ್ತ ಕೂಡಿಸಿ. ಅದನ್ನು ತೂಕ ಮತ್ತು ರಿವ್ಯೂ ಸಂಖ್ಯೆ ಎರಡೂ ಸೇರಿಸಿದ್ದರಿಂದ ಭಾಗಿಸಿ. E2ರಲ್ಲಿ:

```
=($H$2*$H$1+C2)/($H$2+B2)
```

ಡಾಲರ್ ಗುರುತು ಬಿಡಬೇಡಿ. ಬಿಟ್ಟು ಕೆಳಗೆ ಎಳೆದರೆ ಮೂರನೆಯ ಸಾಲು H2, H3 ನೋಡುತ್ತದೆ, ನಾಲ್ಕನೆಯದು H3, H4. ಮೊದಲ ಸಾಲು ಸರಿ, ಉಳಿದದ್ದೆಲ್ಲ ಅಡ್ಡಾದಿಡ್ಡಿ ಅಂತ ಬಂದರೆ ಕಾರಣ ಇದೇ.

ಗುರೆಳ್ಳು ಚಟ್ನಿಪುಡಿಯನ್ನು ಕೈಯಲ್ಲೇ ಮಾಡಿ ನೋಡೋಣ. 10 ಸಲ 4.4 ಅಂದರೆ 44. ಅದರ ಸ್ವಂತದ್ದು 10 ಸ್ಟಾರ್. ಒಟ್ಟು 54. ಭಾಗಿಸಬೇಕಾದ್ದು 12ರಿಂದ. ಉತ್ತರ 4.50. ಮಾವಿನ ಮಿಡಿಗೆ 44 ಮತ್ತು 966 ಸೇರಿ 1010, ಭಾಗ 220, ಉತ್ತರ 4.59. 4.6 ಇದ್ದದ್ದು ಕೂದಲೆಳೆಯಷ್ಟು ಅಲುಗಿದೆ, ಅಷ್ಟೇ. ಇಡೀ ಪಟ್ಟಿ ಹೀಗಾಗುತ್ತದೆ:

| ಸ್ಥಾನ | ಸಾಮಾನು | ರಿವ್ಯೂ | ಸಾದಾ | ಹದಗೊಳಿಸಿದ್ದು |
|---|---|---|---|---|
| 1 | ಶೇಂಗಾ ಚಟ್ನಿಪುಡಿ | 60 | 4.7 | 4.66 |
| 2 | ಅಗಸೆ ಚಟ್ನಿಪುಡಿ | 10 | 4.8 | 4.60 |
| 3 | ಮಾವಿನ ಮಿಡಿ ಉಪ್ಪಿನಕಾಯಿ | 210 | 4.6 | 4.59 |
| 4 | ಗುರೆಳ್ಳು ಚಟ್ನಿಪುಡಿ | 2 | 5.0 | 4.50 |
| 5 | ನಿಂಬೆ ಉಪ್ಪಿನಕಾಯಿ | 140 | 4.3 | 4.31 |
| 6 | ಪುಳಿಯೋಗರೆ ಗೊಜ್ಜು | 90 | 4.1 | 4.13 |
| 7 | ಹಾಗಲಕಾಯಿ ಉಪ್ಪಿನಕಾಯಿ | 1 | 1.0 | 4.09 |
| 8 | ಬಿಸಿಬೇಳೆಬಾತ್ ಪುಡಿ | 50 | 3.9 | 3.98 |

ಹಾಗಲಕಾಯಿ 1.0ರಿಂದ 4.09ಕ್ಕೆ ಹಾರಿದ್ದು ನೋಡಿ ಗಾಬರಿಯಾಗಬೇಡಿ. ಯಾರೋ ಒಬ್ಬರಿಗೆ ಬಾಟಲಿ ಸೋರಿ ಬಂದಿರಬಹುದು, ಇನ್ನೊಬ್ಬರಿಗೆ ಹಾಗಲಕಾಯಿಯೇ ಆಗದೇ ಇರಬಹುದು. ಬಿಸಿಬೇಳೆಬಾತ್ ಪುಡಿ ಸಾಧಾರಣ ಅಂತ 50 ಜನ ಹೇಳಿದ್ದಾರೆ. ಒಬ್ಬರ ಸಿಟ್ಟಿಗಿಂತ ಅದು ಗಟ್ಟಿ ಸಾಕ್ಷಿ. ಇನ್ನೂ ಒಬ್ಬರು 1 ಸ್ಟಾರ್ ಕೊಡಲಿ, ಹಾಗಲಕಾಯಿ 46ನ್ನು 12ರಿಂದ ಭಾಗಿಸಿದ 3.83ಕ್ಕೆ ಇಳಿದು ಕೊನೆಯ ಸ್ಥಾನಕ್ಕೆ ಹೋಗುತ್ತದೆ.

ಬೇರೆ ಕಡೆಯಿಂದ ಫಾರ್ಮುಲಾ ನಕಲು ಮಾಡುವವರಿಗೆ ಒಂದು ಗುಂಡಿ ಕಾದಿದೆ. ಕೆಲವರು ನಡುಮಟ್ಟಕ್ಕೆ `m`, ತೂಕಕ್ಕೆ `C` ಅಂತ ಬರೆಯುತ್ತಾರೆ. ಐಎಂಡಿಬಿ ತನ್ನ ಟಾಪ್ 250 ಸಿನಿಮಾ ಪಟ್ಟಿಗೆ ವಿವರಿಸಿದ್ದ ಫಾರ್ಮುಲಾದಲ್ಲಿ ಇದು ತಿರುಗುಮುರುಗು: ಅಲ್ಲಿ `C` ಸರಾಸರಿ, `m` ವೋಟಿನ ಸಂಖ್ಯೆ. ಒಂದರ ಅಕ್ಷರ, ಇನ್ನೊಂದರ ವಿವರಣೆ ಬೆರೆಸಿಕೊಂಡರೆ ಕೆಟ್ಟಿತು. ಮೇಲಿನ ಗುಣಾಕಾರ ಎರಡೂ ರೀತಿ ಒಂದೇ ಬರುವುದರಿಂದ ತಪ್ಪು ಬೇಗ ಕಾಣುವುದಿಲ್ಲ. ಕೆಡುವುದು ಕೆಳಗಿನ ಭಾಗ. ಗುರೆಳ್ಳಿಗೆ 54ನ್ನು 12ರ ಬದಲು 6.4ರಿಂದ ಭಾಗಿಸಿ 8.4 ಬರುತ್ತದೆ. ಐದಕ್ಕಿಂತ ದೊಡ್ಡ ಸ್ಕೋರ್ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

## ಹಂತ 6: ತೂಕವನ್ನು ಅಲ್ಲಾಡಿಸಿ ನೋಡಿ

H2ರಲ್ಲಿ 10ರ ಬದಲು 5 ಹಾಕಿ, ಆಮೇಲೆ 20 ಹಾಕಿ. ಪಟ್ಟಿಯ ತುದಿ ಎಷ್ಟು ಕದಲುತ್ತದೆ ನೋಡಿ.

5 ಹಾಕಿದಾಗ ಮೊದಲ ಆರು ಸ್ಥಾನ ಹಾಗೇ ಇರುತ್ತವೆ, ಕೊನೆಯ ಎರಡು ಅದಲುಬದಲಾಗುತ್ತವೆ. 20 ಹಾಕಿದರೆ ಮಾವಿನ ಮಿಡಿ 4.58, ಅಗಸೆ 4.53 ಆಗಿ ಅವೆರಡು ಸ್ಥಾನ ಬದಲಿಸುತ್ತವೆ. ಹಾಗಲಕಾಯಿ ಪುಳಿಯೋಗರೆಯನ್ನು ದಾಟುತ್ತದೆ. ಶೇಂಗಾ ಮೂರರಲ್ಲೂ ಮೊದಲೇ. ಅಂದರೆ ಶೇಂಗಾ ಮೊದಲು ಅನ್ನೋದು ಗಟ್ಟಿ, ಮಿಡಿಯೋ ಅಗಸೆಯೋ ಅನ್ನೋದಕ್ಕೆ ನಮ್ಮ ಬಳಿ ಇನ್ನೂ ಸಾಕ್ಷಿ ಸಾಲದು. ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ.

ಈಗ 100 ಹಾಕಿ. ಎಲ್ಲಾ ಸ್ಕೋರ್ 4.23 ಮತ್ತು 4.54ರ ನಡುವೆ ಮುದುಡಿಕೊಳ್ಳುತ್ತವೆ. ಒಂದೇ ಒಂದು 1 ಸ್ಟಾರ್ ಇರುವ ಹಾಗಲಕಾಯಿ 4.37 ಆಗಿ, 140 ಜನ ಕೊಂಡ ನಿಂಬೆಯ 4.34 ಅನ್ನು ಹಿಂದಿಕ್ಕುತ್ತದೆ. ತೂಕ ಅತಿಯಾದರೆ ಹೀಗೇ ಕಾಣುವುದು: ಸ್ಕೋರ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೇಲೆ ಬರಲು ರಿವ್ಯೂ ರಾಶಿಯೇ ಬೇಕಾಗುತ್ತದೆ. ತೂಕ ಸಾಲದಿದ್ದರೆ ಎರಡು ಮೂರು ರಿವ್ಯೂದವು ಮತ್ತೆ ತುದಿಗೆ ಬಂದು ಕೂರುತ್ತವೆ.

ನಾನು ಮಾಡುವ ಇನ್ನೊಂದು ಪರೀಕ್ಷೆ ಇದೆ. ಹೊಸ ಸಾಮಾನಿಗೆ ಸತತ ಎಷ್ಟು 5 ಸ್ಟಾರ್ ಬಂದರೆ ಅದು ಮೊದಲ ಸ್ಥಾನಕ್ಕೇರುತ್ತದೆ? ತೂಕ 10 ಇದ್ದಾಗ 8 ಸಾಕು. ಏಳಕ್ಕೆ 4.65, ಇನ್ನೂ ಶೇಂಗಾದ ಕೆಳಗೆ. ಎಂಟಕ್ಕೆ 4.67. ತೂಕ 20 ಇದ್ದರೆ 13 ಬೇಕು. ಈಗ ನಿಮ್ಮನ್ನೇ ಕೇಳಿಕೊಳ್ಳಿ, ಎಂಟು ಜನ ನೆಂಟರನ್ನು ಸೇರಿಸಿ ರಿವ್ಯೂ ಬರೆಸುವುದು ಕಷ್ಟವಾ? ಬೇರೆಯವರ ಸಾಮಾನನ್ನೂ ಮಾರುವ ಅಂಗಡಿಯಾದರೆ ಲೆಕ್ಕ ಹೇಳಿದ್ದಕ್ಕಿಂತ ತೂಕ ಸ್ವಲ್ಪ ಏರಿಸುವುದು ನ್ಯಾಯ. ಆದರೆ ಕೊಂಡವರಿಗೆ ಮಾತ್ರ ರಿವ್ಯೂ ಬರೆಯಲು ಬಿಡುವುದು ಅದಕ್ಕಿಂತ ಗಟ್ಟಿ ಬೇಲಿ. ನೂರಾರು ಸುಳ್ಳು ರಿವ್ಯೂ ಬಂದರೆ ಯಾವ ತೂಕವೂ ತಡೆಯುವುದಿಲ್ಲ.

## ಹಂತ 7: ಹೊಸ ಸಾಮಾನು ಎಲ್ಲಿ ಕೂರಬೇಕು?

ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಎರಡೇ ರಿವ್ಯೂ ಇರುವ ಗುರೆಳ್ಳು, 140 ರಿವ್ಯೂ ಇರುವ ನಿಂಬೆಗಿಂತ ಮೇಲಿದೆ. ರಿವ್ಯೂ ಒಂದೂ ಇಲ್ಲದ ಸಾಮಾನು ಕೂಡ 4.4 ಪಡೆದು ನಿಂಬೆಯ ಮೇಲೆಯೇ ಕೂರುತ್ತದೆ. ‘ಫಾರ್ಮುಲಾ ಕೆಲಸ ಮಾಡಲಿಲ್ಲ’ ಎಂಬ ದೂರು ಹೆಚ್ಚಾಗಿ ಹುಟ್ಟುವುದು ಇಲ್ಲಿಂದ.

ಕೆಲಸ ಮಾಡಿದೆ. ಹದಗೊಳಿಸಿದ ಸರಾಸರಿ ಅನುಮಾನಕ್ಕೆ ದಂಡ ಹಾಕುವುದಿಲ್ಲ, ಗೊತ್ತಿಲ್ಲದ್ದನ್ನು ನಡುವಿಗೆ ತಂದು ಕೂರಿಸುತ್ತದೆ. ನಿಂಬೆ ಅಂಗಡಿಯ ನಡುಮಟ್ಟಕ್ಕಿಂತ ಸ್ವಲ್ಪ ಕಡಿಮೆ ಅಂತ 140 ಜನರಿಂದ ಖಾತ್ರಿಯಾಗಿದೆ. ಹಾಗಾಗಿ ಗೊತ್ತಿಲ್ಲದ್ದು ಅದಕ್ಕಿಂತ ಮೇಲೆ. ಲೆಕ್ಕದ ಕಣ್ಣಿಗೆ ಇದು ಸರಿ. ಗಿರಾಕಿಗೆ ಇದು ಬೇಕೋ ಬೇಡವೋ ಅನ್ನೋದು ಅಂಗಡಿಯವರ ತೀರ್ಮಾನ.

ಪರೀಕ್ಷೆಯಾಗದ್ದು ಕೆಳಗೇ ಇರಲಿ ಅನ್ನುವವರು H1ರ ಫಾರ್ಮುಲಾ ಅಳಿಸಿ ನಡುಮಟ್ಟವನ್ನು ಬೇಕೆಂದೇ ಇಳಿಸಿ. 4.4ರ ಬದಲು 4.0 ಹಾಕಿದರೆ ಗುರೆಳ್ಳು 4.17ಕ್ಕೆ ಬಂದು ನಿಂಬೆಯ 4.28ರ ಕೆಳಗೆ ಹೋಗುತ್ತದೆ. ಅಗಸೆ 4.40 ಆಗಿ ಮಿಡಿಯ 4.57ರ ಕೆಳಗೆ. ಹಾಗಲಕಾಯಿ 3.73 ಆಗಿ ಕೊನೆಗೆ. ಅಡುಗೆ ಸಾಮಾನಿನ ಅಂಗಡಿಗೆ ನನಗೆ ಈ ಪಟ್ಟಿಯೇ ಹೆಚ್ಚು ಹಿಡಿಸುತ್ತದೆ, ಸುಳ್ಳೇಕೆ ಹೇಳಲಿ.

ಆದರೆ ಇದಕ್ಕೊಂದು ಬೆಲೆಯಿದೆ. ಹೊಸ ಸಾಮಾನು ಕೆಳಗಿದ್ದರೆ ಯಾರೂ ನೋಡುವುದಿಲ್ಲ, ನೋಡದಿದ್ದರೆ ಕೊಳ್ಳುವುದಿಲ್ಲ, ಕೊಳ್ಳದಿದ್ದರೆ ರಿವ್ಯೂ ಬರುವುದಿಲ್ಲ. ನಡುಮಟ್ಟ ಇಳಿಸಿದವರು ‘ಹೊಸದಾಗಿ ಬಂದದ್ದು’ ಅಂತ ಪುಟದಲ್ಲಿ ಬೇರೆ ಜಾಗ ಕೊಡಲೇಬೇಕು.

ಹತ್ತಕ್ಕಿಂತ ಕಡಿಮೆ ರಿವ್ಯೂ ಇದ್ದದ್ದನ್ನು ಪಟ್ಟಿಯಿಂದಲೇ ಬಿಡುವ ದಾರಿಯೂ ಇದೆ. ನನಗೆ ಅದು ಇಷ್ಟವಿಲ್ಲ. ಒಂಬತ್ತನೆಯ ರಿವ್ಯೂವರೆಗೆ ಕಾಣದೆ ಇದ್ದದ್ದು ಹತ್ತನೆಯದು ಬಂದ ಕೂಡಲೇ ತುದಿಗೆ ಹಾರುತ್ತದೆ. ನಮ್ಮ ಅಗಸೆ ಪುಡಿಯ ಕತೆ ಹಾಗೇ ಆಗುತ್ತಿತ್ತು.

## ಹಂತ 8: ಡೇಟಾಬೇಸ್‌ನಲ್ಲಿ ಮಾಡುವುದಾದರೆ

```sql
SELECT p.id, p.name,
  (10 * 4.4 + COALESCE(SUM(r.stars), 0))
    / (10 + COUNT(r.stars)) AS score
FROM products p
LEFT JOIN reviews r
  ON r.product_id = p.id AND r.stars >= 1
GROUP BY p.id, p.name
ORDER BY score DESC, COUNT(r.stars) DESC;
```

ಇದರಲ್ಲಿ ಜನ ತಪ್ಪುವುದು ಮೂರು ಜಾಗದಲ್ಲಿ. `LEFT JOIN` ಬದಲು ಬರೀ `JOIN` ಬರೆದರೆ ರಿವ್ಯೂ ಇಲ್ಲದ ಸಾಮಾನು ಪಟ್ಟಿಯಿಂದಲೇ ಮಾಯವಾಗುತ್ತದೆ. `r.stars >= 1` ಷರತ್ತನ್ನು `WHERE`ಗೆ ಸರಿಸಿದರೂ ಅದೇ ಗತಿ.

`COUNT(r.stars)` ಬದಲು `COUNT(*)` ಬರೆದರೆ, ರಿವ್ಯೂ ಇಲ್ಲದ ಸಾಮಾನಿಗೂ ಒಂದು ಸಾಲು ಇದೆ ಅಂತ ಲೆಕ್ಕವಾಗುತ್ತದೆ. 44ನ್ನು 10ರ ಬದಲು 11ರಿಂದ ಭಾಗಿಸಿ 4.4 ಬರಬೇಕಾದ ಕಡೆ 4.0 ಬರುತ್ತದೆ. ಹೊಸ ಸಾಮಾನುಗಳ ಸ್ಕೋರ್ ನೀವು ಕೊಟ್ಟ ನಡುಮಟ್ಟಕ್ಕೆ ಸಮವಾಗಿಲ್ಲದಿದ್ದರೆ ಇಲ್ಲಿ ಹುಡುಕಿ.

ಮೂರನೆಯದು ನಡುಮಟ್ಟವನ್ನು 4.0 ಮಾಡುವಾಗ ಸುಮ್ನೆ `4` ಅಂತ ಬರೆಯುವುದು. ಸ್ಟಾರ್ ಕೂಡ ಪೂರ್ಣಾಂಕದ ಕಾಲಮ್ ಆಗಿದ್ದರೆ ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಎರಡೂ ಭಾಗಾಕಾರದ ದಶಾಂಶವನ್ನು ಕತ್ತರಿಸಿ ಎಸೆಯುತ್ತವೆ. ಎಲ್ಲಾ ಸಾಮಾನಿಗೂ 4 ಅಥವಾ 3 ಅಂತ ಬರುತ್ತದೆ. `4.0` ಅಂತಲೇ ಬರೆಯಿರಿ.

## ಹಂತ 9: ಯಾವುದನ್ನು ತೋರಿಸಬೇಕು, ಯಾವಾಗ ಬದಲಿಸಬೇಕು

ಹದಗೊಳಿಸಿದ ಸ್ಕೋರ್ ಜೋಡಿಸಲು ಮಾತ್ರ. ಗಿರಾಕಿಗೆ ತೋರಿಸುವುದು ಸಾದಾ ಸರಾಸರಿ ಮತ್ತು ಅದರ ಪಕ್ಕದಲ್ಲೇ ರಿವ್ಯೂ ಸಂಖ್ಯೆ. ಇಬ್ಬರು ಐದೈದು ಕೊಟ್ಟದ್ದು ಕೆಳಗೆ ಕಾಣುತ್ತಿರುವಾಗ ಮೇಲೆ 4.5 ಅಂತ ಬರೆದರೆ, ಸ್ಟಾರ್ ಕದ್ದಿದ್ದಾರೆ ಅಂತ ಫೋನ್ ಬರುತ್ತದೆ. ಹಾಗಲಕಾಯಿಗೆ 4.1 ಅಂತ ತೋರಿಸಿದರಂತೂ ಗಿರಾಕಿಗೆ ಸುಳ್ಳು ಹೇಳಿದಂತೆಯೇ.

ಜೋಡಿಸುವಾಗ ದುಂಡಗೆ ಮಾಡದ ಸ್ಕೋರ್ ಬಳಸಿ. ಅಗಸೆ 4.600, ಮಿಡಿ 4.591. ಒಂದು ದಶಾಂಶಕ್ಕೆ ಇಳಿಸಿದರೆ ಎರಡೂ 4.6, ಆಮೇಲೆ ಪುಟ ತೆರೆದಾಗಲೆಲ್ಲ ಯಾವುದು ಮೊದಲು ಬರುತ್ತದೋ ಹೇಳಲಾಗದು. ನಿಜಕ್ಕೂ ಸಮನಾದರೆ ರಿವ್ಯೂ ಹೆಚ್ಚಿರುವುದು ಮೊದಲು ಬರಲಿ. ಮೇಲಿನ SQLನ ಕೊನೆಯ ಸಾಲು ಅದಕ್ಕೇ ಇದೆ.

ನಡುಮಟ್ಟ, ತೂಕ ಎರಡನ್ನೂ ಪ್ರತಿ ರಿವ್ಯೂ ಬಂದಾಗ ಹೊಸದಾಗಿ ಲೆಕ್ಕ ಹಾಕಬೇಡಿ. ಎಲ್ಲೋ ಒಂದು ಸಾಮಾನಿಗೆ ಬಂದ ಸ್ಟಾರ್‌ನಿಂದ ಅದಕ್ಕೆ ಸಂಬಂಧವೇ ಇಲ್ಲದ ಸಾಮಾನುಗಳ ಸ್ಥಾನ ಅಲುಗಾಡುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ತೆಗೆದು, H1 ಮತ್ತು H2ರಲ್ಲಿ ಸಂಖ್ಯೆಯಾಗಿಯೇ ಬರೆದು, ಪಕ್ಕದ ಸೆಲ್‌ನಲ್ಲಿ ತಾರೀಕು ಹಾಕಿಡಿ. ಹಳೆಯ ಪಟ್ಟಿಯ ಒಂದು ನಕಲು ಇಟ್ಟುಕೊಂಡರೆ, ಮುಂದಿನ ಸಲ ಯಾವ ಸಾಮಾನು ಎಷ್ಟು ಸ್ಥಾನ ಸರಿಯಿತು ಅಂತ ಪಕ್ಕದಲ್ಲಿಟ್ಟು ನೋಡಬಹುದು.